ತೂಗುವ ಸರಪಳಿ: ಕೊಕ್ಕೆಗೆ ಬೀಳೋದು ಅರ್ಧ ತೂಕ ಮಾತ್ರವಲ್ಲ

‘10 ಕೆಜಿ ಸರಪಳಿಯನ್ನ ಎರಡು ಕೊಕ್ಕೆಗೆ ನೇತುಹಾಕಿದ್ರೆ ಒಂದೊಂದಕ್ಕೆ 5 ಕೆಜಿ ಎಳೆತ, ಆಕಾರ ಪ್ಯಾರಾಬೊಲಾ. ನಿಜಾನಾ?’

ಎರಡೂ ತಪ್ಪು. 5 ಕೆಜಿ ಅನ್ನೋದು ಕೆಳಮುಖದ ಪಾಲು ಅಷ್ಟೇ. ಸರಪಳಿ ಕೊಕ್ಕೆಯನ್ನು ಒಳಕ್ಕೂ ಎಳೆಯುತ್ತದೆ, ಅಲ್ವಾ? ಸರಪಳಿ 10 ಮೀಟರ್ ಉದ್ದ, ಕೊಕ್ಕೆಗಳು ಒಂದೇ ಎತ್ತರದಲ್ಲಿವೆ, ತುದಿಯಲ್ಲಿ ಸರಪಳಿ ಅಡ್ಡಗೆರೆಗೆ 30 ಡಿಗ್ರಿ ಓರೆ ಅಂದುಕೊಳ್ಳಿ. ಅಲ್ಲಿನ ಎಳೆತ 5 ÷ sin 30° = 10 ಕೆಜಿ. ಒಂದೊಂದು ಕೊಕ್ಕೆಗೂ ಇಡೀ ಸರಪಳಿಯಷ್ಟು! ತೀರಾ ಕೆಳಗಿನ ಕೊಂಡಿಯಲ್ಲಿ ಸರಪಳಿ ಅಡ್ಡವಾಗಿರೋದರಿಂದ ಅಡ್ಡ ಎಳೆತ ಮಾತ್ರ ಇರುತ್ತೆ: 10 × cos 30° = 8.66 ಕೆಜಿ. ವ್ಯತ್ಯಾಸ 1.34 ಕೆಜಿ. ಸರಪಳಿಯಲ್ಲಿ ಎತ್ತರ ಒಂದು ಮೀಟರ್ ಏರಿದರೆ ಎಳೆತ ಒಂದು ಮೀಟರ್ ಸರಪಳಿಯ ತೂಕದಷ್ಟು ಹೆಚ್ಚುತ್ತದೆ. ಇಲ್ಲಿ ಮೀಟರಿಗೆ 1 ಕೆಜಿ ತೂಕ ಇರೋದರಿಂದ ಜೋಲು, ಅಂದರೆ ಕೊಕ್ಕೆಯ ಮಟ್ಟದಿಂದ ಕೆಳಗಿನ ಕೊಂಡಿಗಿರೋ ಇಳಿತ, ಕೂಡ 1.34 ಮೀಟರ್.

ಆಕಾರ ಕ್ಯಾಟೆನರಿ, ಅಂದರೆ ತನ್ನದೇ ತೂಕಕ್ಕೆ ಜೋತುಬಿದ್ದ ಸರಪಳಿಯ ಬಾಗು. ತೂಕ ಅಡ್ಡಳತೆಗೆ ಸಮವಾಗಿ ಹಂಚಿದ್ದರೆ ಪ್ಯಾರಾಬೊಲಾ ಬರುತ್ತಿತ್ತು. ಸರಪಳಿಯದ್ದು ಅದರ ಉದ್ದಕ್ಕೆ ಹಂಚಿದೆ. ಜೋಲು ಕಡಿಮೆಯಿದ್ದರೆ ಮಾತ್ರ ಎರಡರ ವ್ಯತ್ಯಾಸ ಕಣ್ಣಿಗೆ ಕಾಣೋದಿಲ್ಲ.