ಮೂರೂ ಫೌಲ್ ಆಗೋದು ಹೀಗೆ

"ಊರಲ್ಲಿ ದಿನಾ ಅಷ್ಟು ಚೆನ್ನಾಗಿ ಹಾರೋ ಹುಡುಗ ಜಿಲ್ಲಾ ಆಯ್ಕೆಯಲ್ಲಿ ಮೂರೂ ಸಲ ಫೌಲ್ ಆಗ್ತಾನಾ? ನಂಬೋಕಾಗಲ್ಲ."

ಉದ್ದ ಜಿಗಿತದ ಹುಡುಗನ ಕಥೆ ಓದಿದ ಒಬ್ಬರು ಹೀಗೆ ಕೇಳಿದ್ದಾರೆ. ಆಗುತ್ತದೆ ಸರ್, ನನಗೇ ಆಗಿದೆ. ನಾನೂ ಕೆರೆ ಪಕ್ಕ ಹಳೇ ಹಲಗೆ ಹೂತು ಉದ್ದ ಜಿಗಿತ ಕಲಿತವನು. ಮೆತ್ತನೆ ಮಣ್ಣಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ. ಆಯ್ಕೆ ದಿನ ನೆಲ ಗಟ್ಟಿ, ಮೈಯಲ್ಲಿ ಹುರುಪು ಜಾಸ್ತಿ. ಒಂದೊಂದು ಹೆಜ್ಜೆ ಬರೀ 4 ಸೆಂಟಿಮೀಟರ್ ಉದ್ದವಾದರೂ 15 ಹೆಜ್ಜೆಗೆ 60 ಸೆಂಟಿಮೀಟರ್ ಮುಂದೆ ಹೋಗುತ್ತೇವೆ. ಹಲಗೆಯ ಅಗಲ ಇರೋದೇ 20.

ಕಥೆಯ ಹುಡುಗ ತೆಂಗಿನ ನಾರಿನ ಹಗ್ಗದಲ್ಲಿ ಓಟದ ದೂರ ಅಳೆಯುತ್ತಾನಲ್ವಾ, ಅಲ್ಲಿ ನನ್ನ ಎದೆ ಧಸಕ್ಕೆಂದಿತು. ಆ ಹಗ್ಗ ನೆನೆದರೆ ಒಂದು ಅಳತೆ, ಒಣಗಿದರೆ ಇನ್ನೊಂದು. ನಾನು ಆಮೇಲೆ ಹಲಗೆಯ ಆಚೆ ಅಂಗೈ ಅಗಲ ಒದ್ದೆ ಜೇಡಿಮಣ್ಣು ಬಳಿಯುತ್ತಿದ್ದೆ. ಕಾಲ್ಬೆರಳ ಗುರುತು ಬಿದ್ದರೆ ಫೌಲ್. ಎಷ್ಟು ದಾಟಿದೆ ಅಂತ ಅಳೆದು, ಓಟ ಶುರುವಾಗುವ ಗುರುತನ್ನು ಅಷ್ಟೇ ಹಿಂದಕ್ಕೆ ಸರಿಸುತ್ತಿದ್ದೆ.

ಈ ಹುಡುಗ ಗುರುತು ಸರಿಸಲಿಲ್ಲ. ಕೊನೇ ಎರಡು ಹೆಜ್ಜೆ ಮೋಟು ಮಾಡಿ ಹೊಂದಿಸೋಕೆ ಹೋದ. ಹಾಗೆ ಮಾಡಿದರೆ ವೇಗವೂ ಹೋಗುತ್ತದೆ, ಕಾಲೂ ತಪ್ಪುತ್ತದೆ. ಆ ಸಾಲನ್ನು ಲೇಖಕರು ಮೈದಾನದಲ್ಲಿ ನಿಂತು ನೋಡಿಯೇ ಬರೆದಿದ್ದಾರೆ ಅನಿಸಿತು.