ಸಾವಿರ ಅಂದರು, ನೂರು ಕೊಟ್ಟು ಕಳಿಸಿದರು

ಸೋಪಿನ ಪುಡಿ ಬಗ್ಗೆ ನಮ್ಮಂಥವರ ಅಭಿಪ್ರಾಯ ಕೇಳುವ ಮೀಟಿಂಗ್ ಇದೆ, ಬಂದರೆ ಸಾವಿರ ರೂಪಾಯಿ ಕೊಡ್ತಾರೆ ಅಂತ ಕಂಪನಿಗೆ ಜನ ಕರೆತರುವ ಅಕ್ಕ ಒಬ್ಬರು ನನ್ನನ್ನು ಕರೆದಿದ್ದರು. ವಾಷಿಂಗ್ ಮೆಷಿನ್ ಇದೆ ಅಂತ ನಾನು ಫೋನಿನಲ್ಲೇ ಹೇಳಿದ್ದೆ. ಆ ಅಕ್ಕ "ಪರವಾಗಿಲ್ಲ, ಬನ್ನಿ" ಅಂದಿದ್ದರು. ಈಗ ಅವರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ.

ಮೈಸೂರಿನ ಯಾದವಗಿರಿಯ ಒಂದು ಹೋಟೆಲ್ ಹಾಲ್ ಹೊರಗೆ ಕುರ್ಚಿ ಹಾಕಿ ನಮ್ಮನ್ನೆಲ್ಲ ಕೂರಿಸಿದ್ದರು. ಟ್ಯಾಬ್ ಹಿಡಿದ ಹುಡುಗಿ ಒಬ್ಬೊಬ್ಬರನ್ನೇ ಮತ್ತೆ ಕೇಳುತ್ತಾ ಬಂದಳು. ಮನೆಯಲ್ಲಿ ಯಾರಾದರೂ ಜಾಹೀರಾತು ಕಂಪನಿಯಲ್ಲಿದ್ದಾರಾ, ಸೋಪಿನ ಪುಡಿ ಯಾರು ತರುತ್ತಾರೆ, ಬಟ್ಟೆ ಹೇಗೆ ಒಗೆಯುತ್ತೀರಾ. "ಮೆಷಿನ್‌ನಲ್ಲಿ" ಅಂದೆ. ಅವಳು ನನ್ನ ಮುಖ ಕೂಡ ನೋಡದೆ ಒಳಗೆ ಕೂಗಿದಳು, "ಸಾರ್, ಇವರದ್ದು ಮೆಷಿನ್ ಅಂತೆ, ತೆಗೆದುಬಿಡ್ಲಾ?" ತೆಗೆದುಬಿಡ್ಲಾ ಅಂತೆ! ಅಕ್ಕಿಯಲ್ಲಿ ಸಿಕ್ಕಿದ ಕಲ್ಲಾ ನಾನು? ಎಲ್ಲರೂ ತಿರುಗಿ ನೋಡಿದರು. ಬಸ್ಸಿನ ಖರ್ಚಿಗೆ ಅಂತ ನೂರರ ನೋಟು ಕೈಗಿಟ್ಟು, ಲಿಫ್ಟ್ ಆ ಕಡೆ ಅಂದಳು.

ಪಕ್ಕದಲ್ಲಿದ್ದವರ ಮನೆಯಲ್ಲೂ ಮೆಷಿನ್ ಇದೆ, ಅವರೇ ಆಗ ಹೇಳಿದ್ದರು. ಆದರೆ ಅವರನ್ನು ಕರೆಸಿದವರು ಮೆಟ್ಟಿಲ ಹತ್ತಿರವೇ ಹೇಳಿಕೊಟ್ಟಿದ್ದರು: ಕೈಯಲ್ಲೇ ಒಗೆಯೋದು ಅನ್ನಿ, ಆರು ತಿಂಗಳಿಂದ ಇಂಥ ಮೀಟಿಂಗಿಗೆ ಎಲ್ಲೂ ಹೋಗಿಲ್ಲ ಅನ್ನಿ. ಅವರು ಆರಾಮಾಗಿ ಒಳಗೆ ಹೋದರು.

ಹೀಗೆ ಪ್ರಶ್ನೆ ಕೇಳಿ ಜನರನ್ನು ಆರಿಸುವ ಸ್ಕ್ರೀನಿಂಗ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ಒಗೆಯುವವರ ಮಾತು ಬೇಕಾದರೆ ಅವರನ್ನೇ ಕೇಳಬೇಕು, ಸರಿ. ಅದನ್ನು ಫೋನಿನಲ್ಲೇ ಮುಗಿಸಬೇಕಿತ್ತು ಅಲ್ವಾ? ಮುಗಿಸಲ್ಲ, ಯಾಕಂದರೆ ಜನ ಕರೆತರುವವರಿಗೆ ತಲೆಗಿಷ್ಟು ಅಂತ ದುಡ್ಡು. ತಲೆಲೆಕ್ಕ ತುಂಬಿದರೆ ಸಾಕು, ಫಾರ್ಮಿನಲ್ಲಿ ಏನು ಬೇಕಾದರೂ ಬರೆಯುತ್ತಾರೆ. ಇನ್ನೊಂದು ವಿಷಯ, ಎಂಟು ಜನ ಬೇಕಾದರೆ ಹತ್ತು ಜನರನ್ನು ಕರೆಸುತ್ತಾರೆ, ಒಬ್ಬಿಬ್ಬರು ಕೈಕೊಡ್ತಾರೆ ಅಂತ. ಅದು ಅವರ ಅನುಕೂಲಕ್ಕೆ. ಹಾಗೆ ಬಂದು ಸೀಟು ಸಿಗದೆ ಹೋದವರಿಗೂ ಹೇಳಿದಷ್ಟು ಪೂರ್ತಿ ಕೊಟ್ಟು ಕಳಿಸುವುದು ಈ ಕೆಲಸದಲ್ಲಿ ಇರುವ ಪದ್ಧತಿ. ಸರಿಯಾಗಿ ಮಾಡುವವರು ಹಾಗೇ ಮಾಡುತ್ತಾರೆ. ಇವರು ಮಾತ್ರ ನೂರು ರೂಪಾಯಿಯಲ್ಲಿ ಮುಗಿಸಿದರು.

ಬಿಡಿ, ಸಾವಿರ ರೂಪಾಯಿ ಏನು ದೊಡ್ಡದು, ಹೋಗಲಿ. ಇಲ್ಲ, ಹೋಗಲಿ ಅಂತ ಯಾಕೆ ಅನ್ನಲಿ? ಮಂಡ್ಯದಿಂದ ಬಂದಿದ್ದೀನಿ, ಹೊಲಿಗೆ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿದ್ದೀನಿ, ಹಬ್ಬದ ಬ್ಲೌಸ್‌ಗಳು ಹಾಗೇ ಬಿದ್ದಿವೆ. ಎರಡು ಗಂಟೆಯ ಮೀಟಿಂಗು ಅಂತಾರೆ, ಹೋಗಿ ಬರುವ ಹೊತ್ತು ಯಾರ ಲೆಕ್ಕಕ್ಕೆ? ಇನ್ನು ಮೇಲೆ ಯಾರೇ ಕರೆದರೂ ಹೋಗಲ್ಲ. ಹೋದರೂ ಮೊದಲು ವಾಟ್ಸಾಪಿನಲ್ಲಿ ಬರೆದು ಕೊಡಲಿ: ಎಷ್ಟು, ಯಾವಾಗ, ಕೈಗೋ ಯುಪಿಐಗೋ, ವಾಪಸ್ ಕಳಿಸಿದರೆ ಎಷ್ಟು ಅಂತ.

ಆ ಕಂಪನಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. ನನ್ನ ಫಾರ್ಮಿನಲ್ಲಿ "ಕೈಯಲ್ಲಿ ಒಗೆಯುತ್ತಾರೆ" ಅಂತ ಬರೆದವರು ಯಾರು? ಬಾಕಿ ಒಂಬೈನೂರು ರೂಪಾಯಿ ಯಾವಾಗ ಕೊಡ್ತೀರಿ?