ಬೇಬಿ ಲೋಷನ್ ಟ್ಯೂಬ್ ಹಿಂದಿನ ಬಣ್ಣದ ಪಟ್ಟಿಗೆ ಅರ್ಥ ಇದೆಯಾ?

"ಟ್ಯೂಬ್ ಹಿಂದೆ ಹಸಿರು ಪಟ್ಟಿ ಇದ್ರೆ ನೈಸರ್ಗಿಕ, ಕಪ್ಪು ಇದ್ರೆ ಬರೀ ಕೆಮಿಕಲ್. ಮಗುವಿಗೆ ಹಚ್ಚಬೇಡಿ!"

ಸುಳ್ಳು. ಅದು ಪ್ಯಾಕಿಂಗ್ ಮಷಿನ್‌ಗೆ ಇರುವ ಗುರುತು. ಟ್ಯೂಬನ್ನು ಎಲ್ಲಿ ಮುಚ್ಚಬೇಕು, ಎಲ್ಲಿ ಕತ್ತರಿಸಬೇಕು ಅಂತ ಮಷಿನ್‌ನ ಸೆನ್ಸರ್ ಅದನ್ನು ನೋಡಿ ತಿಳಿಯುತ್ತದೆ, ಅಷ್ಟೇ. ಮುಂಭಾಗದ ಹಸಿರು ಚುಕ್ಕೆ ಬೇರೆ, ಅದು ಸಸ್ಯಾಹಾರಿ ಗುರುತು. ಚರ್ಮಕ್ಕೆ ಒಳ್ಳೆಯದು ಅಂತ ಅದೂ ಹೇಳುವುದಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಲೋಷನ್ ಕೈಗೆತ್ತಿಕೊಂಡರೆ ಹಿಂದಿನ ಸಣ್ಣ ಅಕ್ಷರ ಓದಿ. ಜಾಸ್ತಿ ಇರುವ ವಸ್ತು ಮೊದಲು ಬರುತ್ತದೆ, ಸಾಮಾನ್ಯವಾಗಿ ನೀರು, ಆಮೇಲೆ ಗ್ಲಿಸರಿನ್, ಎಣ್ಣೆ. ಕೊನೆಯ ಸಾಲುಗಳೇ ಮುಖ್ಯ. ಅಲ್ಲಿ 'ಪರ್ಫ್ಯೂಮ್' ಅಥವಾ 'ಫ್ರೇಗ್ರೆನ್ಸ್' ಇದ್ದರೆ, ಒಣ ಚರ್ಮದ, ಕೆಂಪು ಗುಳ್ಳೆ ಏಳುವ ಮಗುವಿಗೆ ಬೇಡ. 'ಮೀಥೈಲ್‌ಐಸೋಥಯಾಜೋಲಿನೋನ್' ಅನ್ನುವ ಉದ್ದ ಹೆಸರು ಕಂಡರೂ ಬಿಟ್ಟುಬಿಡಿ, ಅಲರ್ಜಿ ಮಾಡುತ್ತದೆ ಅಂತಲೇ ಯುರೋಪಿನಲ್ಲಿ ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ 2017ರಿಂದ ಅದಕ್ಕೆ ನಿಷೇಧ ಇದೆ. 'ಅನ್‌ಸೆಂಟೆಡ್' ಅಂದರೆ ಸುವಾಸನೆ ಹಾಕಿಲ್ಲ ಅಂತಲ್ಲ, ವಾಸನೆ ಮುಚ್ಚಲು ಹಾಕಿರಬಹುದು. 'ಫ್ರೇಗ್ರೆನ್ಸ್ ಫ್ರೀ' ಹುಡುಕಿ.

ಸೋಪಿಗೂ ಇದೇ ಮಾತು.

ನಮ್ಮ ಬೇಸಿಗೆಯಲ್ಲಿ ಬೆವರುಸಾಲೆ ಅಂತ ಎಲ್ಲರೂ ಪೌಡರ್ ಸುರಿಯುತ್ತಾರೆ, ಅಲ್ವಾ? ಟಾಲ್ಕ್ ಇರಲಿ, ಜೋಳದ ಪಿಷ್ಟ ಇರಲಿ, ಗಾಳಿಯಲ್ಲಿ ಹಾರಿದ ಪುಡಿ ಕೂಸಿನ ಶ್ವಾಸಕೋಶಕ್ಕೆ ಹೋಗುತ್ತದೆ. ತಣ್ಣೀರಿನ ಬಟ್ಟೆಯಿಂದ ಒರೆಸಿ, ಮಡಿಕೆಗಳನ್ನು ಒಣಗಿಸಿ, ತೆಳು ಹತ್ತಿ ಅಂಗಿ ಹಾಕಿದರೆ ಸಾಕು. ಕೀವು ತುಂಬಿದರೆ, ಜ್ವರ ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ.